ಸಹಿ ಹಾಕಿಸಿಕೊಂಡರೆ ಆಡಿದ ಮಾತು ಅಳಿಯುತ್ತದೆಯೇ?

ಮಂಗಳೂರಿನಲ್ಲಿ ಮನೆಯಿಂದಲೇ ಹೋಗಿಬಂದು ತಿಂಗಳಿಗೆ 24,000 ರೂಪಾಯಿ ಗಳಿಸುತ್ತಿದ್ದ ಯುವಕನೊಬ್ಬನ ಪ್ರಕರಣ ಇತ್ತೀಚೆಗೆ ನಮ್ಮ ಗಮನಕ್ಕೆ ಬಂತು. ಬೆಂಗಳೂರಿನ ಉದ್ಯಮಿಯೊಬ್ಬರು ಆತನನ್ನು ಸಂದರ್ಶನಕ್ಕೆ ಕರೆದರು. ನಮ್ಮದೇ ಸಮುದಾಯದವರು, ಕುಟುಂಬಕ್ಕೆ ಪರಿಚಿತರು. ಅವರು ಮೂರು ಮಾತು ಕೊಟ್ಟರು. ಮೊದಲ ಆರು ತಿಂಗಳು 28,000, ಬಳಿಕ 35,000 ವೇತನ. ವಾಸಕ್ಕೆ ಸಂಸ್ಥೆಯದೇ ಕೊಠಡಿ, ಬಾಡಿಗೆಯಿಲ್ಲ. ಶುಕ್ರವಾರ ಜುಮಾಕ್ಕೆ ಒಂದೂವರೆ ಗಂಟೆಯ ಬಿಡುವು. ಯುವಕ ಇದ್ದ ಕೆಲಸ ಬಿಟ್ಟು ಹೊರಟ. ಸೇರಿದ ದಿನ ನೇಮಕಾತಿ ಪತ್ರ ಕೈಗೆ ಬಂತು. ಅದರಲ್ಲಿ ವೇತನ 28,000, ‘ಹೆಚ್ಚಳವು ಆಡಳಿತದ ವಿವೇಚನೆಗೆ ಬಿಟ್ಟದ್ದು’ ಎಂದಿತ್ತು. ಕೊಠಡಿಯ ಬಗ್ಗೆಯೂ ಜುಮಾದ ಬಗ್ಗೆಯೂ ಒಂದಕ್ಷರವಿರಲಿಲ್ಲ. ಕೆಲಸ ಬಿಡಬೇಕಾದರೆ ಎರಡು ತಿಂಗಳ ನೋಟಿಸ್, ಇಲ್ಲವಾದರೆ ಎರಡು ತಿಂಗಳ ವೇತನ ಕಟ್ಟಬೇಕು ಎಂದಿತ್ತು. ‘ಇದೆಲ್ಲ ಬರೀ ಫಾರ್ಮಾಲಿಟಿ, ಮಾತು ಮಾತೇ’ ಎಂದರು ಮಾಲಕರು. ಯುವಕ ಸಹಿ ಹಾಕಿದ.

ಆರು ತಿಂಗಳು ಕಳೆಯಿತು, ವೇತನ ಏರಲಿಲ್ಲ. ಮತ್ತೆ ಎಂಟು ತಿಂಗಳು ಕಾದ ಮೇಲೆ ಆತ ನೇರವಾಗಿ ಕೇಳಿದ. ತಿಂಗಳಿಗೆ 7,000ದಂತೆ ಅಷ್ಟರಲ್ಲಿ 56,000 ರೂಪಾಯಿ ಬಾಕಿಯಾಗಿತ್ತು. ‘ಪತ್ರದಲ್ಲಿ ಏನಿದೆಯೋ ಅಷ್ಟೇ, ನೀನೇ ಸಹಿ ಹಾಕಿದ್ದೀಯಲ್ಲ’ ಎಂಬ ಉತ್ತರ ಬಂತು.

ಈ ಉತ್ತರವನ್ನೇ ನಾವಿಲ್ಲಿ ಪ್ರಶ್ನಿಸುತ್ತಿದ್ದೇವೆ. ಇದನ್ನು ಹೇಳುವವರು ಒಬ್ಬಿಬ್ಬರಲ್ಲ. ಹಲವರು ಇದನ್ನು ಕಾನೂನಿನ ಕೊನೆಯ ಮಾತು ಎಂದೂ, ಕಾನೂನು ಒಪ್ಪಿದ ಮೇಲೆ ಧರ್ಮವೂ ಒಪ್ಪಿದಂತೆಯೇ ಎಂದೂ ಭಾವಿಸಿದ್ದಾರೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಪೂರ್ಣ ಸುಳ್ಳು.

ಮೊದಲು ಕಾನೂನನ್ನೇ ನೋಡೋಣ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಕರಾರು ಕೂಡ ಕರಾರೇ. ಎಲ್ಲ ಕರಾರುಗಳೂ ಕಾಗದದ ಮೇಲಿರಬೇಕೆಂದು ಅದು ಹೇಳುವುದಿಲ್ಲ. ಆದರೆ ಕರಾರಿನ ಷರತ್ತುಗಳನ್ನು ಒಮ್ಮೆ ಪತ್ರದಲ್ಲಿ ಬರೆದಿಟ್ಟ ಮೇಲೆ ಇನ್ನೊಂದು ನಿಯಮ ಅನ್ವಯವಾಗುತ್ತದೆ. ಹಿಂದಿನ ಸಾಕ್ಷ್ಯ ಕಾಯ್ದೆಯ 92ನೇ ಕಲಮಿನಲ್ಲಿದ್ದ ಆ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 95ನೇ ಕಲಮಾಗಿದೆ. ಬರೆದಿಟ್ಟ ಷರತ್ತಿಗೆ ವಿರುದ್ಧವಾದ, ಅದನ್ನು ಬದಲಿಸುವ ಅಥವಾ ಅದಕ್ಕೆ ಕೂಡಿಸುವ ಬಾಯಿಮಾತಿನ ಒಪ್ಪಂದಕ್ಕೆ ಆ ಇಬ್ಬರ ನಡುವೆ ಸಾಕ್ಷ್ಯ ನೀಡಲು ಅವಕಾಶವಿಲ್ಲ ಎಂಬುದು ಅದರ ಸಾರ.

ಹಾಗಾಗಿ ವೇತನದ ವಿಷಯದಲ್ಲಿ ಯುವಕನ ದಾರಿ ಕಠಿಣ. ಹೆಚ್ಚಳ ಆಡಳಿತದ ವಿವೇಚನೆಗೆ ಬಿಟ್ಟದ್ದು ಎಂದು ಪತ್ರ ಹೇಳುತ್ತದೆ, ಹೆಚ್ಚಳ ಖಚಿತ ಎಂದು ಬಾಯಿಮಾತು ಹೇಳುತ್ತದೆ. ಎರಡೂ ಒಟ್ಟಿಗೆ ನಿಲ್ಲಲಾರವು. ಇಂಥಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಪತ್ರದ ಪರವಾಗಿಯೇ ನಿಲ್ಲುತ್ತದೆ. ಇದನ್ನು ಮರೆಮಾಚಿ ಯಾರಿಗೂ ಸುಳ್ಳು ಭರವಸೆ ಕೊಡಲು ನಾವು ಬಯಸುವುದಿಲ್ಲ.

ಆದರೆ ಕೊಠಡಿ ಮತ್ತು ಜುಮಾದ ಮಾತು ಬೇರೆ. ಅವುಗಳ ಬಗ್ಗೆ ಪತ್ರ ಮೌನವಾಗಿದೆ. ಪತ್ರ ಮೌನವಾಗಿರುವ ವಿಷಯದಲ್ಲಿ, ಅದರ ಷರತ್ತುಗಳಿಗೆ ವಿರುದ್ಧವಲ್ಲದ ಪ್ರತ್ಯೇಕ ಬಾಯಿಮಾತಿನ ಒಪ್ಪಂದವಿದ್ದರೆ ಅದನ್ನು ಸಾಬೀತುಪಡಿಸಬಹುದು ಎಂದು ಅದೇ ಕಲಮು ವಿನಾಯಿತಿ ಕೊಡುತ್ತದೆ. ಪತ್ರ ಎಷ್ಟು ವಿಧ್ಯುಕ್ತವಾದುದು ಎಂಬುದನ್ನೂ ನ್ಯಾಯಾಲಯ ತೂಗಿ ನೋಡುತ್ತದೆ. ಎಂಟು ಸಾಲಿನ ಸರಳ ಪತ್ರವಾದರೆ ಅದರ ಹೊರಗೂ ಒಪ್ಪಂದವಿತ್ತು ಎಂದು ನಂಬುವುದು ಸುಲಭ. ಹನ್ನೆರಡು ಪುಟಗಳ ಪತ್ರವಾಗಿ, ಕೊನೆಯಲ್ಲಿ ‘ಈ ಪತ್ರವು ಹಿಂದಿನ ಎಲ್ಲ ಮಾತುಕತೆಗಳ ಸ್ಥಾನವನ್ನು ಪಡೆಯುತ್ತದೆ’ ಎಂಬ ಸಾಲಿದ್ದರೆ ಕಷ್ಟ. ಆ ಒಂದು ಸಾಲು ಇದೆಯೇ ಎಂದು ಹುಡುಕಿ ನೋಡುವುದು ಸಹಿಗೆ ಮುನ್ನ ಮಾಡಬೇಕಾದ ಮೊದಲ ಕೆಲಸ. ಇನ್ನು, ಸೇರಿದ ದಿನದಿಂದ ಬಾಡಿಗೆಯಿಲ್ಲದೆ ಕೊಠಡಿ ಕೊಟ್ಟು, ಪ್ರತಿ ಶುಕ್ರವಾರ ಬಿಡುವು ಕೊಟ್ಟು ಬಂದಿದ್ದರೆ ಆ ನಡವಳಿಕೆಯೇ ಮಾತಿಗೆ ಸಾಕ್ಷಿಯಾಗುತ್ತದೆ.

ಮೂರನೆಯದು ವಂಚನೆ. ನೆರವೇರಿಸುವ ಉದ್ದೇಶವೇ ಇಲ್ಲದೆ ವಾಗ್ದಾನ ಮಾಡುವುದನ್ನು ಕರಾರು ಕಾಯ್ದೆಯ 17ನೇ ಕಲಮು ವಂಚನೆಯ ಪಟ್ಟಿಯಲ್ಲಿ ಸೇರಿಸಿದೆ. ವಂಚನೆಯನ್ನು ಸಾಬೀತುಪಡಿಸಲು ಬಾಯಿಮಾತಿನ ಸಾಕ್ಷ್ಯಕ್ಕೆ ಅಡ್ಡಿಯಿಲ್ಲ. ಅದು ಸಾಬೀತಾದರೆ ನೌಕರ ಆ ಕರಾರನ್ನೇ ರದ್ದುಪಡಿಸಬಹುದು. ಆಗ ನೋಟಿಸ್ ಹಣದ ಬೇಡಿಕೆಗೂ ಆಧಾರ ಉಳಿಯುವುದು ಕಷ್ಟ. ಅಥವಾ, ಹೇಳಿದ್ದು ನಿಜವಾಗಿದ್ದರೆ ತಾನಿರುತ್ತಿದ್ದ ಸ್ಥಿತಿಯಲ್ಲೇ ತನ್ನನ್ನು ಇರಿಸಬೇಕೆಂದು 19ನೇ ಕಲಮಿನಡಿ ಕೇಳಬಹುದು. ಆದರೆ ಕೊಟ್ಟ ಮಾತು ತಪ್ಪಿದ ಮಾತ್ರಕ್ಕೆ ವಂಚನೆಯಾಗುವುದಿಲ್ಲ. ಮಾತು ಕೊಡುವಾಗಲೇ ಉದ್ದೇಶವಿರಲಿಲ್ಲ ಎಂದು ತೋರಿಸಬೇಕು. ಅದು ತಿಳಿಯುವುದು ಹೇಗೆ? ಒಂದೇ ವರ್ಷ ನಾಲ್ವರಿಗೆ ಇದೇ 35,000ದ ಆಸೆ ತೋರಿಸಿ ನಾಲ್ವರಿಗೂ ಕೊಡದಿದ್ದರೆ, ಅದು ಮರೆವಲ್ಲ, ಪದ್ಧತಿ. ವ್ಯಾಪಾರ ಕುಸಿದು ಒಬ್ಬರಿಗೂ ಹೆಚ್ಚಿಸಲಾಗದಿದ್ದರೆ ಅದು ಬೇರೆ ವಿಷಯ.

ಅಂದರೆ ‘ಪತ್ರದಲ್ಲಿ ಏನಿದೆಯೋ ಅಷ್ಟೇ’ ಎಂಬುದು ಕಾನೂನಿನ ಪ್ರಕಾರವೂ ಪೂರ್ತಿ ನಿಜವಲ್ಲ. ಪತ್ರಕ್ಕೆ ವಿರುದ್ಧವಾದ ಮಾತಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಪತ್ರ ಮೌನವಾಗಿರುವಲ್ಲಿ ಅರ್ಧ ತೆರೆದಿದೆ. ವಂಚನೆಗೆ ಪತ್ರ ರಕ್ಷಣೆಯೇ ಅಲ್ಲ.

ಆದರೂ ವೇತನದ ಆ 56,000 ರೂಪಾಯಿ ನ್ಯಾಯಾಲಯದಲ್ಲಿ ದಕ್ಕದೆ ಹೋಯಿತು ಎಂದೇ ಇಟ್ಟುಕೊಳ್ಳೋಣ. ಅದು ಮಾಲಕನಿಗೆ ಹಲಾಲ್ ಆಯಿತೇ?

ಉಮ್ಮು ಸಲಮಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸೊಂದು ಇದಕ್ಕೆ ನೇರ ಉತ್ತರ ಕೊಡುತ್ತದೆ. ವ್ಯಾಜ್ಯ ತರುವವರಲ್ಲಿ ಒಬ್ಬನು ಇನ್ನೊಬ್ಬನಿಗಿಂತ ವಾದದಲ್ಲಿ ಚತುರನಾಗಿರಬಹುದು, ತಾವು ಕೇಳಿದ್ದನ್ನು ಆಧರಿಸಿ ತೀರ್ಪು ಕೊಡುತ್ತೇವೆ, ಆದರೆ ಆ ತೀರ್ಪಿನಿಂದ ಸಹೋದರನ ಹಕ್ಕು ಯಾರ ಪಾಲಿಗಾದರೂ ಬಂದರೆ ಅದು ಬೆಂಕಿಯ ತುಂಡು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಸ್ವತಃ ಪ್ರವಾದಿಯ(ಸ) ತೀರ್ಪೇ ಇನ್ನೊಬ್ಬನ ಹಕ್ಕನ್ನು ಹಲಾಲ್ ಮಾಡಲಾರದು ಎಂದ ಮೇಲೆ, 95ನೇ ಕಲಮು ಅದನ್ನು ಮಾಡೀತೇ? ಸಾಕ್ಷ್ಯದ ನಿಯಮವಿರುವುದು ಸತ್ಯ ಗೊತ್ತಿಲ್ಲದ ನ್ಯಾಯಾಧೀಶರಿಗಾಗಿ. ತಾನು ಏನು ಹೇಳಿದೆ ಎಂಬುದು ಗೊತ್ತಿರುವ ಮಾಲಕನಿಗೆ ಅದು ಆಶ್ರಯವಲ್ಲ.

ಇಲ್ಲಿ ಕೆಲವರು ಫಿಕ್ಹ್‌ನ ಮೊರೆ ಹೋಗುತ್ತಾರೆ. ಬರೀ ವಾಗ್ದಾನವನ್ನು ಖಾಝಿಯ ಮೂಲಕ ಬಲವಂತವಾಗಿ ಈಡೇರಿಸಲಾಗದು ಎಂದು ಹನಫಿ ಮತ್ತು ಶಾಫಿಈ ವಿದ್ವಾಂಸರಲ್ಲಿ ಬಹುಪಾಲು ಹೇಳಿದ್ದಾರಲ್ಲವೇ ಎಂದು ಕೇಳುತ್ತಾರೆ. ಹೌದು, ಹೇಳಿದ್ದಾರೆ. ಆದರೆ ಆ ಚರ್ಚೆ ಇರುವುದು ಪ್ರತಿಫಲವಿಲ್ಲದ ಏಕಪಕ್ಷೀಯ ವಾಗ್ದಾನದ ಬಗ್ಗೆ. ‘ನೀನು ಇಷ್ಟು ದುಡಿ, ನಾನು ಇಷ್ಟು ಕೊಡುತ್ತೇನೆ’ ಎಂಬುದು ಔದಾರ್ಯವಲ್ಲ, ದುಡಿಮೆಯ ಬೆಲೆ. ಕೂಲಿ ಎಷ್ಟೆಂದು ಮೊದಲೇ ತಿಳಿದಿರಬೇಕು ಎಂಬುದು ಇಜಾರದ, ಅಂದರೆ ದುಡಿಮೆಯ ಕರಾರಿನ, ಮೂಲ ನಿಯಮ. ಇನ್ನು ಅದನ್ನು ಬರೀ ವಾಗ್ದಾನ ಎಂದೇ ತೆಗೆದುಕೊಂಡರೂ, ಮಾತನ್ನು ನಂಬಿ ಇನ್ನೊಬ್ಬನು ಹೆಜ್ಜೆ ಇಟ್ಟುಬಿಟ್ಟಿದ್ದರೆ ಅದು ಕಡ್ಡಾಯ ಎಂಬುದು ಮಾಲಿಕಿ ಮದ್‌ಹಬ್‌ನ ಪ್ರಸಿದ್ಧ ಅಭಿಪ್ರಾಯ. 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಕೂಡ ಇದೇ ದಿಕ್ಕಿನಲ್ಲಿ ನಿರ್ಣಯಿಸಿತು. ಯುವಕ ಇದ್ದ ಕೆಲಸ ಬಿಟ್ಟ, ಊರು ಬಿಟ್ಟ. ಇದಕ್ಕಿಂತ ದೊಡ್ಡ ಹೆಜ್ಜೆ ಯಾವುದು?

ಮಾಲಕರ ಕಡೆಯ ಒಂದು ವಾದವನ್ನು ನಾವು ಗೌರವದಿಂದಲೇ ಕೇಳಬೇಕು. ‘ನಾನು “ನೋಡೋಣ” ಎಂದದ್ದನ್ನು ಹುಡುಗ “ಕೊಡುತ್ತೇನೆ” ಎಂದು ತಿಳಿದುಕೊಂಡ’ ಎಂದು ಅವರು ಹೇಳಬಹುದು. ಹೀಗಾಗುವುದುಂಟು. ಇಬ್ಬರೂ ಪ್ರಾಮಾಣಿಕರಾಗಿದ್ದು ನೆನಪುಗಳು ಬೇರೆಬೇರೆಯಾದಾಗ ಪತ್ರವೇ ನಿರ್ಣಾಯಕವಾಗಲಿ, ನಮ್ಮ ಆಕ್ಷೇಪವಿಲ್ಲ. ಬರಹ ಇರುವುದೇ ಅದಕ್ಕಾಗಿ. ಆದರೆ ನಾವು ಹೇಳಿದ ಪ್ರಕರಣದಲ್ಲಿ ಮಾಲಕರು ‘ನಾನು ಹಾಗೆ ಹೇಳಲಿಲ್ಲ’ ಎನ್ನಲಿಲ್ಲ. ‘ನೀನು ಸಹಿ ಹಾಕಿದ್ದೀಯಲ್ಲ’ ಎಂದರು. ಈ ಎರಡು ಉತ್ತರಗಳ ನಡುವಿನ ಅಂತರದಲ್ಲೇ ಎಲ್ಲವೂ ಇದೆ. ಮೊದಲನೆಯದು ವ್ಯಾಜ್ಯ, ಎರಡನೆಯದು ತಪ್ಪೊಪ್ಪಿಗೆ. ಮಾತು ಕೊಟ್ಟು ಮುರಿಯುವುದು ಕಪಟಿಯ ಮೂರು ಲಕ್ಷಣಗಳಲ್ಲಿ ಒಂದೆಂಬುದನ್ನು ಮದ್ರಸದ ಮಕ್ಕಳೂ ಬಲ್ಲರು. ಕೆಲಸಗಾರನಿಂದ ಪೂರ್ತಿ ದುಡಿಮೆ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗುವನೆಂಬ ಹದೀಸ್ ಬುಖಾರಿಯಲ್ಲಿದೆ. ಆ ವಿಚಾರಣೆಯಲ್ಲಿ ಯಾವ ಸಾಕ್ಷ್ಯವನ್ನು ಹೊರಗಿಡಲಾಗುತ್ತದೆ?

ಕೊನೆಯದಾಗಿ ಹೆತ್ತವರಿಗೊಂದು ಮಾತು, ಏಕೆಂದರೆ ಈ ಅನ್ಯಾಯಕ್ಕೆ ದಾರಿ ಮಾಡಿಕೊಡುವುದರಲ್ಲಿ ನಮ್ಮ ಪಾಲೂ ಇದೆ. ‘ನಮ್ಮವರೇ ಅಲ್ಲವೇ, ಬರೆದುಕೊಡಿ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ’ ಎಂದು ಮಕ್ಕಳ ಬಾಯಿ ಮುಚ್ಚಿಸುವವರು ನಾವೇ. ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ನೆನಪಿಸಿಕೊಳ್ಳಿ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದು ಆದೇಶಿಸುತ್ತದೆ. ಆ ಆದೇಶ ಬಂದದ್ದು ಪರಸ್ಪರ ನಂಬಿದ ಸತ್ಯವಿಶ್ವಾಸಿಗಳಿಗೇ. ಹಾಗಿರುವಾಗ ಕಾಗದ ಕೇಳುವುದು ಅಪನಂಬಿಕೆ ಹೇಗಾದೀತು?

ಮಾಡಬೇಕಾದದ್ದು ದೊಡ್ಡದೇನಲ್ಲ. ಸಂದರ್ಶನ ಮುಗಿಸಿ ಬಂದ ಸಂಜೆಯೇ, ಕೆಲಸ ಬಿಡುವ ಮೊದಲೇ, ‘ತಾವು ಹೇಳಿದಂತೆ ಆರು ತಿಂಗಳ ಬಳಿಕ 35,000, ಬಾಡಿಗೆಯಿಲ್ಲದ ಕೊಠಡಿ, ಶುಕ್ರವಾರ ಒಂದೂವರೆ ಗಂಟೆಯ ಬಿಡುವು, ಇದು ಸರಿಯೆಂದು ತಿಳಿಸಿ’ ಎಂದು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ವಿನಯದಿಂದ ಕಳುಹಿಸಲಿ. ‘ಸರಿ’ ಎಂಬ ಒಂದು ಉತ್ತರ ಬಂದರೆ ಅದು ಬಾಯಿಮಾತಾಗಿ ಉಳಿಯುವುದಿಲ್ಲ, ವಿದ್ಯುನ್ಮಾನ ದಾಖಲೆಯಾಗುತ್ತದೆ. ಮುಂದೆ ಬರುವ ಪತ್ರದಲ್ಲಿ ಬೇರೆ ಮಾತಿದ್ದರೆ ಆ ಸಂದೇಶವನ್ನು ತೋರಿಸಿ, ಪತ್ರವನ್ನು ತಿದ್ದಿಸಿದ ಮೇಲೆಯೇ ಸಹಿ ಹಾಕಲಿ. ಉತ್ತರವೇ ಬಾರದಿದ್ದರೆ ಅದೂ ಒಂದು ಉತ್ತರ. ಮಂಗಳೂರಿನ 24,000ದ ಕೆಲಸ ಆಗಿನ್ನೂ ಕೈಯಲ್ಲಿರುತ್ತದೆ.

ನೇಮಕ ಮಾಡಿಕೊಳ್ಳುವ ನಮ್ಮ ಸಹೋದರರಲ್ಲಿ ನಮ್ಮ ಬೇಡಿಕೆ ಒಂದೇ. ಬಾಯಲ್ಲಿ ಹೇಳಿದ್ದನ್ನು ಪತ್ರದಲ್ಲಿ ಬರೆಯಿರಿ, ಬರೆಯಲಾಗದ್ದನ್ನು ಹೇಳಬೇಡಿ. ಈಗಾಗಲೇ ಹೇಳಿದ್ದು ನಿಜವಾಗಿದ್ದರೆ, ಪತ್ರ ಏನೇ ಹೇಳಲಿ, ಆ ಬಾಕಿ ನಿಮ್ಮ ಮೇಲಿರುವ ಸಾಲ. ಕೇಳುವ ಮೊದಲೇ ಅದನ್ನು ತೀರಿಸಿ.