ಕಳಿಸಿದ್ದು ಮೂರು ಸಾವಿರ, ಮುಟ್ಟಿದ್ದು ಮೂವತ್ತೈದು ಕಮ್ಮಿ

ಬಂಟ್ವಾಳ ಕಡೆಯ ಒಂದು ಮನೆ. ತಂದೆ ಜುಬೈಲ್‌ನಲ್ಲಿ ದುಡಿಯುತ್ತಾರೆ, ಉಮ್ಮ ಊರಲ್ಲಿದ್ದಾರೆ, ಮಗ ಜಾರ್ಜಿಯಾದಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದಾನೆ. ಈ ಸಲದ ಸೆಮಿಸ್ಟರ್ ಫೀಸು 3,000 ಡಾಲರ್. ಉಮ್ಮ ಮಂಗಳೂರಿನ ಬ್ಯಾಂಕಿಗೆ ಹೋಗಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಟ್ಟ ಕಡೆಯಲ್ಲೆಲ್ಲ ಸಹಿ ಮಾಡಿ ಹಣ ಕಳಿಸಿದರು. ಕೈಗೆ ಸಿಕ್ಕಿದ ರಸೀದಿಯಲ್ಲಿ 3,000 ಡಾಲರ್ ಅಂತಲೇ ಇತ್ತು. ಐದು ದಿನ ಕಳೆದು ಮಗನಿಗೆ ಕಾಲೇಜಿನ ಲೆಕ್ಕಪತ್ರ ವಿಭಾಗದಿಂದ ಮೈಲ್ ಬಂತು: ‘ನಿಮ್ಮಿಂದ 2,965 ಡಾಲರ್ ಬಂದಿದೆ, 35 ಡಾಲರ್ ಬಾಕಿ. ಅದು ತೀರುವವರೆಗೆ ಸೆಮಿಸ್ಟರ್ ನೋಂದಣಿ ಆಗುವುದಿಲ್ಲ.’

ಆ ಮನೆಯಲ್ಲಿ ಮೂವತ್ತೈದು ಡಾಲರಿಗಿಂತ ದೊಡ್ಡದಾಗಿ ಹೋದದ್ದು ನೆಮ್ಮದಿ. ಜುಬೈಲ್‌ನಿಂದ ತಂದೆ ಫೋನ್ ಮಾಡಿ, ‘ಮೋನೇ, ರಸೀದಿಯಲ್ಲಿ ಪೂರ್ತಿ ಹಣ ಉಂಟಲ್ಲ, ಮತ್ತೆ ಕಮ್ಮಿ ಆದದ್ದು ಹೇಗೆ?’ ಅಂತ ಕೇಳಿದರು. ಮಗನಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಇಲ್ಲದ್ದೇ ತಪ್ಪು ಒಪ್ಪಿದ ಹಾಗೆ ಕೇಳಿಸಿತು. ಆಮೇಲೆ ಅನುಮಾನ ಸೀಟು ಮಾಡಿಸಿಕೊಟ್ಟ ಏಜೆಂಟ್ ಮೇಲೆ ತಿರುಗಿತು, ಅಲ್ಲಿಂದ ಉಮ್ಮ ಬ್ಯಾಂಕಿನಲ್ಲಿ ಏನೋ ತಪ್ಪು ಬರೆದರೋ ಎಂಬಲ್ಲಿಗೆ ಬಂತು. ಕಾಗದಗಳನ್ನು ಹಿಡಿದುಕೊಂಡು ಅವರು ನಮ್ಮ ಹತ್ತಿರ ಬಂದಾಗ ನಾವು ಮೊದಲು ಹೇಳಿದ ಮಾತು: ನಿಮ್ಮಲ್ಲಿ ಯಾರೂ ಹಣ ತಿಂದಿಲ್ಲ. ಅದು ದಾರಿಯಲ್ಲಿ ಕಡಿತವಾಗಿದೆ.

ಹೇಗೆ ಅಂತ ಕೇಳಿದರೆ, ಮಂಗಳೂರಿನ ಬ್ಯಾಂಕಿನಿಂದ ಜಾರ್ಜಿಯಾದ ಬ್ಯಾಂಕಿಗೆ ಡಾಲರ್ ನೇರವಾಗಿ ಹೋಗುವುದಿಲ್ಲ. ಅವೆರಡರ ನಡುವೆ ಖಾತೆಯ ಸಂಬಂಧವೇ ಇರುವುದಿಲ್ಲ. ನಮ್ಮ ಬ್ಯಾಂಕಿಗೆ ಡಾಲರ್ ಖಾತೆ ಇರುವುದು ಸಾಮಾನ್ಯವಾಗಿ ನ್ಯೂಯಾರ್ಕಿನ ಒಂದು ಬ್ಯಾಂಕಿನಲ್ಲಿ. ಜಾರ್ಜಿಯಾದ ಬ್ಯಾಂಕಿಗೆ ಅಂಥದ್ದೇ ಖಾತೆ ಅಲ್ಲಿಯೇ ಇನ್ನೊಂದು ಬ್ಯಾಂಕಿನಲ್ಲಿ ಇರಬಹುದು. ನಾವು ಇಲ್ಲಿ ಸಹಿ ಹಾಕಿದ ಮೇಲೆ ಸ್ವಿಫ್ಟ್ ಜಾಲದಲ್ಲಿ ಒಂದು ಸಂದೇಶ ಹೋಗುತ್ತದೆ. ಹಣ ನ್ಯೂಯಾರ್ಕಿನ ಮೊದಲ ಬ್ಯಾಂಕಿನಿಂದ ಎರಡನೆಯದಕ್ಕೆ, ಅಲ್ಲಿಂದ ಜಾರ್ಜಿಯಾದ ಬ್ಯಾಂಕಿಗೆ, ಕೊನೆಗೆ ಕಾಲೇಜಿನ ಖಾತೆಗೆ ಜಮೆಯಾಗುತ್ತದೆ. ನಡುವಿನ ಈ ಬ್ಯಾಂಕುಗಳು ಧರ್ಮಕ್ಕೆ ಕೆಲಸ ಮಾಡುವುದಿಲ್ಲ. ಅವು ತಮ್ಮ ಶುಲ್ಕ ತೆಗೆದುಕೊಳ್ಳುತ್ತವೆ. ಅದನ್ನು ಯಾರಿಂದ ತೆಗೆದುಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವುದು ನಮ್ಮ ಅರ್ಜಿಯಲ್ಲಿನ ಒಂದು ಸಣ್ಣ ಚೌಕ.

ಆ ಚೌಕದಲ್ಲಿ ಮೂರು ಆಯ್ಕೆ ಇರುತ್ತದೆ. OUR ಅಂದರೆ ಎಲ್ಲ ಬ್ಯಾಂಕುಗಳ ಶುಲ್ಕವೂ ಕಳಿಸುವವರ ಮೇಲೆ. ಇಲ್ಲಿಯೇ ಪ್ರತ್ಯೇಕವಾಗಿ ಕಟ್ಟಿ ಮುಗಿಸಬೇಕು, ಫೀಸಿನ ಹಣಕ್ಕೆ ಕೈ ಹಾಕುವ ಹಾಗಿಲ್ಲ. SHA ಅಂದರೆ ಹಂಚಿಕೆ. ಇಲ್ಲಿನ ಬ್ಯಾಂಕಿನ ಶುಲ್ಕ ನಮ್ಮದು, ಅದರಾಚೆಗಿನ ಎಲ್ಲ ಬ್ಯಾಂಕುಗಳ ಶುಲ್ಕ ಹೋಗುತ್ತಿರುವ ಹಣದಿಂದಲೇ ಕಡಿತ. BEN ಅಂದರೆ ಎಲ್ಲವೂ ಪಡೆಯುವವರ ತಲೆಗೆ. ಕೆಲವು ಅರ್ಜಿಗಳಲ್ಲಿ ಈ ಅಕ್ಷರಗಳ ಬದಲು ‘ವಿದೇಶಿ ಬ್ಯಾಂಕ್ ಶುಲ್ಕ ಯಾರು ಭರಿಸುತ್ತಾರೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಏನೂ ಬರೆಯದೆ ಬಿಟ್ಟರೆ ಸಾಮಾನ್ಯವಾಗಿ SHA ಅಂತಲೇ ಹೋಗುತ್ತದೆ. ಬಂಟ್ವಾಳದ ಉಮ್ಮನ ಅರ್ಜಿಯಲ್ಲಿ ಆ ಚೌಕ ಖಾಲಿ ಇತ್ತು. ಅಲ್ಲಿ ಪೆನ್ಸಿಲ್ ಗುರುತು ಇರಲಿಲ್ಲ, ಆದ್ದರಿಂದ ಅವರು ಮುಟ್ಟಲಿಲ್ಲ.

ಹಣ ಎಲ್ಲಿ ಕಡಿತವಾಯಿತು ಅಂತ ಪತ್ತೆ ಹಚ್ಚಲು ಬರುತ್ತದೆ. ಹಾಗೆ ಕಳಿಸಿದ ಪ್ರತಿಯೊಂದು ಹಣಕ್ಕೂ UETR ಎಂಬ 36 ಅಕ್ಷರಗಳ ಉದ್ದದ ಒಂದು ಗುರುತು ಸಂಖ್ಯೆ ಇರುತ್ತದೆ. ‘ಸ್ವಿಫ್ಟ್ ಕಾಪಿ ಕೊಡಿ’ ಅಂತ ಕೇಳಿದರೆ ಬ್ಯಾಂಕಿನವರು ಕೊಡುವ ಪ್ರತಿಯಲ್ಲಿ ಅದು ಸಿಗುತ್ತದೆ. ಅದನ್ನು ಹಿಡಿದು ಬ್ಯಾಂಕು ಹಣದ ದಾರಿ ನೋಡಬಹುದು. ಆದರೆ ಇಲ್ಲೊಂದು ವಿಷಯ ಗಮನಿಸಬೇಕು. ನಮ್ಮ ಕೈಗೆ ಸಿಗುವ ಪ್ರತಿ ಹಣ ಹೊರಟಾಗಿನದ್ದು. ಅದರಲ್ಲಿ 3,000 ಅಂತಲೇ ಇರುತ್ತದೆ. ಕಡಿತ ಕಾಣುವುದು ಆ ಕಡೆ ಮುಟ್ಟಿದ ಸಂದೇಶದಲ್ಲಿ. ನಾವು ಹುಡುಗನಿಗೆ ಹೇಳಿ ಕಾಲೇಜಿನ ಮೂಲಕ ಅಲ್ಲಿನ ಬ್ಯಾಂಕಿನ ಪ್ರತಿ ತರಿಸಿದೆವು. ಅದರಲ್ಲಿ ಕಳಿಸಿದ ಮೊತ್ತ 3,000, ಒಂದು ಶುಲ್ಕ 20, ಇನ್ನೊಂದು ಶುಲ್ಕ 15, ಮುಟ್ಟಿದ ಮೊತ್ತ 2,965 ಅಂತ ಸಾಲಾಗಿ ಬರೆದಿತ್ತು. ಶುಲ್ಕದ ಚೌಕದಲ್ಲಿ ಇದ್ದದ್ದು SHAR. ಬ್ಯಾಂಕುಗಳ ನಡುವಿನ ಹಳೆಯ ಸಂದೇಶ ಮಾದರಿ 2025ರ ನವೆಂಬರ್‌ನಲ್ಲಿ ಬದಲಾಗಿದೆ. ಹೊಸದರಲ್ಲಿ OUR ಎಂಬುದು DEBT ಅಂತಲೂ, SHA ಎಂಬುದು SHAR ಅಂತಲೂ, BEN ಎಂಬುದು CRED ಅಂತಲೂ ಕಾಣುತ್ತದೆ. ಅರ್ಥ ಅದೇ.

ಆ ಪ್ರತಿಯನ್ನು ಫೋನಿನಲ್ಲಿ ತಂದೆಗೆ ಕಳಿಸಿದ ಮೇಲೆ ಮಗನ ಜೊತೆ ಅವರ ಮಾತು ಮೊದಲಿನ ಹಾಗಾಯಿತು.

ಪ್ರತಿ ಸಿಗದಿದ್ದರೂ ಅಂದಾಜು ಮಾಡಲು ಒಂದು ದಾರಿ ಉಂಟು. ಕಮ್ಮಿಯಾದದ್ದು 15, 20, 35 ಅಂತ ಸಣ್ಣ, ಇಡಿಯಾದ ಸಂಖ್ಯೆಯಾಗಿದ್ದರೆ ಹೆಚ್ಚಾಗಿ ಅದು ನಡುವಿನ ಬ್ಯಾಂಕಿನ ಶುಲ್ಕ. ಮೊತ್ತ ದೊಡ್ಡದಾದಷ್ಟೂ ಕಮ್ಮಿಯೂ ದೊಡ್ಡದಾಗುತ್ತಿದ್ದರೆ, ಸಂಖ್ಯೆ 73.48ರ ಹಾಗೆ ಚಿಲ್ಲರೆಯಲ್ಲಿದ್ದರೆ, ದಾರಿಯಲ್ಲಿ ಎಲ್ಲೋ ಹಣದ ವಿನಿಮಯ ಆಗಿರಬಹುದು. ಯೂರೋ ಖಾತೆಗೆ ಡಾಲರ್ ಕಳಿಸಿದಾಗ ಹೀಗಾಗುತ್ತದೆ. ಅದಕ್ಕೆ ಪರಿಹಾರ ಬೇರೆ: ಕಾಲೇಜು ಕೇಳಿದ ಖಾತೆ ಯಾವ ಹಣದ್ದೋ ಅದರಲ್ಲಿಯೇ ಕಳಿಸಬೇಕು.

ಬಾಕಿ ಉಳಿದ ಮೂವತ್ತೈದಕ್ಕೆ ಏನು ಮಾಡುವುದು? ತಂದೆ ತಕ್ಷಣ ಇನ್ನೂ 35 ಡಾಲರ್ ಕಳಿಸಲು ಹೊರಟಿದ್ದರು. ನಾವು ಪೇಪರಿನಲ್ಲಿ ಲೆಕ್ಕ ಹಾಕಿ ತೋರಿಸಿದೆವು. ಅದೇ ದಾರಿಯಲ್ಲಿ ಹೋದರೆ ಮೊದಲ ಬ್ಯಾಂಕು 20 ಕಡಿತ ಮಾಡುತ್ತದೆ, ಎರಡನೆಯದು 15. ಕಾಲೇಜಿಗೆ ಮುಟ್ಟುವುದು ಸೊನ್ನೆ. ಮೇಲಿಂದ ಇಲ್ಲಿನ ಬ್ಯಾಂಕಿನ ಶುಲ್ಕ ಬೇರೆ. ಈ ಶುಲ್ಕ ಹೆಚ್ಚಾಗಿ ಒಂದು ಸಲಕ್ಕೆ ಇಷ್ಟು ಎಂಬ ಲೆಕ್ಕದ್ದು, ಮೂರು ಸಾವಿರಕ್ಕೂ ಮೂವತ್ತೈದಕ್ಕೂ ಒಂದೇ. ಆದ್ದರಿಂದ ಸಣ್ಣ ಬಾಕಿಯನ್ನು ಇಲ್ಲಿಂದ ಕಳಿಸಲೇಬಾರದು. ಹುಡುಗ ಲೆಕ್ಕಪತ್ರ ವಿಭಾಗಕ್ಕೆ ಆ ಪ್ರತಿಯನ್ನು ತೋರಿಸಿ ಕೇಳಿದ. ಅವರು ಅಲ್ಲಿನ ಲಾರಿ ಹಣದಲ್ಲಿ ಅಷ್ಟನ್ನು ಅವರ ಬ್ಯಾಂಕಿನಲ್ಲಿಯೇ ಕಟ್ಟಲು ಒಪ್ಪಿದರು. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಕೆಲವು ಕಡೆ ಮುಂದಿನ ಸೆಮಿಸ್ಟರಿಗೆ ಸೇರಿಸಿಕೊಳ್ಳಿ ಅಂದರೂ ಒಪ್ಪುತ್ತಾರೆ. ಒಪ್ಪಿದ್ದನ್ನು ಮೈಲಿನಲ್ಲಿ ಬರೆಸಿಕೊಳ್ಳಬೇಕು, ಬಾಯಿ ಮಾತು ಸಾಲದು.

ಈಗ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ಶುಲ್ಕ ತೆಗೆದುಕೊಳ್ಳುವುದೇ ಅನ್ಯಾಯ ಅಂತ ನಾವು ಹೇಳುವುದಿಲ್ಲ. ಅನ್ಯಾಯ ಇರುವುದು ಅರ್ಜಿಯಲ್ಲಿನ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳದೇ ಇರುವುದರಲ್ಲಿ. ಕೌಂಟರಿನಲ್ಲಿ ಕೇಳಿದರೆ ‘ನಡುವಿನ ಬ್ಯಾಂಕು ಎಷ್ಟು ತೆಗೆದುಕೊಳ್ಳುತ್ತದೆಂದು ನಮಗೂ ಗೊತ್ತಿರುವುದಿಲ್ಲ’ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಎಷ್ಟು ಎಂಬುದು ಗೊತ್ತಿಲ್ಲದಿದ್ದರೂ ಕಡಿತ ಆಗಬಹುದು ಎಂಬುದು ಅವರಿಗೆ ಗೊತ್ತಿದೆ. ‘ಇದು ಫೀಸಿನ ಹಣವಲ್ವಾ? ಪೂರ್ತಿ ಮುಟ್ಟಬೇಕಾದರೆ ಇಷ್ಟು ಹೆಚ್ಚು ಕಟ್ಟಬೇಕು, ಇಲ್ಲದಿದ್ದರೆ ದಾರಿಯಲ್ಲಿ ಕಮ್ಮಿಯಾಗುತ್ತದೆ, ಯಾವುದು ಬೇಕು?’ ಎಂಬ ಮಾತನ್ನು ಕನ್ನಡದಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಸಹಿ ಹಾಕುವ ಜಾಗಕ್ಕೆ ಗುರುತು ಹಾಕುವ ಪೆನ್ಸಿಲ್ ಆ ಚೌಕಕ್ಕೂ ಒಂದು ಗುರುತು ಹಾಕಲಿ.

ಬ್ಯಾಂಕು ಕೇಳುವವರೆಗೆ ನಾವೇ ಕೇಳಬೇಕು. ‘ಪೂರ್ತಿ ಹಣ ಮುಟ್ಟಬೇಕು, OUR ಹಾಕಿ, ಅದಕ್ಕೆ ಎಷ್ಟು ಆಗುತ್ತದೆ ಹೇಳಿ’ ಎಂದು ಉಮ್ಮಂದಿರು ಧೈರ್ಯದಿಂದ ಹೇಳಲಿ. ಅರ್ಜಿಗೆ ಸಹಿ ಹಾಕುವ ಮೊದಲು ಆ ಚೌಕ ತುಂಬಿದೆಯೇ ಅಂತ ನೋಡಲಿ, ಅರ್ಜಿಯ ಫೋಟೋ ತೆಗೆದಿಟ್ಟುಕೊಳ್ಳಲಿ. ತಂದೆ ಗಲ್ಫ್‌ನಲ್ಲಿರುವ ಎಕ್ಸ್‌ಚೇಂಜ್‌ನಿಂದ ನೇರವಾಗಿ ಕಳಿಸುವುದಾದರೂ ಪ್ರಶ್ನೆ ಇದೇ. ಹಾಗೆ ಬೇರೆಯವರ ಹೆಸರಿನಲ್ಲಿ ಹಣ ಹೋಗುವಾಗ ಸಂದೇಶದಲ್ಲಿ ವಿದ್ಯಾರ್ಥಿಯ ಹೆಸರು, ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಪೂರ್ತಿ ಮುಟ್ಟಿದ ಹಣವೂ ಯಾರದ್ದೆಂದು ಗೊತ್ತಾಗದೆ ಕುಳಿತಿರುತ್ತದೆ.

OUR ಕೂಡ ನೂರಕ್ಕೆ ನೂರು ಗ್ಯಾರಂಟಿ ಅಲ್ಲ. ಹಣ ಮುಟ್ಟಿದ ಮೇಲೆ ಅಲ್ಲಿನ ಬ್ಯಾಂಕು ತನ್ನ ಗಿರಾಕಿಯಾದ ಕಾಲೇಜಿನಿಂದ ಜಮೆಯ ಶುಲ್ಕ ತೆಗೆದುಕೊಳ್ಳಬಹುದು. ನಡುವಿನ ಬ್ಯಾಂಕು ಸೂಚನೆ ಮೀರಿ ಕಡಿತ ಮಾಡಿದ್ದೂ ಉಂಟು. ಆದರೆ ಆಗ ನಮ್ಮ ಕೈಯಲ್ಲಿ ಹಕ್ಕು ಇರುತ್ತದೆ. OUR ಎಂದು ಬರೆದು ಶುಲ್ಕ ಕಟ್ಟಿದ ಮೇಲೂ ನಡುವೆ ಕಡಿತವಾದರೆ ನಮ್ಮ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. SHA ಎಂದು ಸಹಿ ಹಾಕಿದವರಿಗೆ ಆ ವಾದ ನಿಲ್ಲುವುದಿಲ್ಲ. ಒಂದು ಚೌಕದ ಬೆಲೆ ಅಷ್ಟು.

ಇನ್ನೊಂದು ಮಾತು ನಮ್ಮವರಿಗೇ. ಜಮಾಅತ್‌ಗಳು, ವಿದ್ಯಾರ್ಥಿವೇತನ ಕೊಡುವ ಸಂಘಗಳು ಮಕ್ಕಳ ಫೀಸನ್ನು ಇನ್‌ವಾಯ್ಸ್ ನೋಡಿ ಅಷ್ಟಕ್ಕಷ್ಟೇ ಮಂಜೂರು ಮಾಡುತ್ತವೆ. ಉಳಿದ ಕಡಿತ ಆ ಬಡ ಮನೆಯ ಮೇಲೆಯೇ ಬೀಳುತ್ತದೆ, ಅದೂ ಹಣ ಮುಟ್ಟಿದ ಮೇಲೆ, ನೋಂದಣಿಗೆ ಎರಡು ದಿನ ಇರುವಾಗ. ಫೀಸಿನ ಜೊತೆ ಕಳಿಸುವ ಶುಲ್ಕವನ್ನೂ ಮಂಜೂರು ಪತ್ರದಲ್ಲೇ ಬರೆಯಿರಿ. ಸೀಟು ಮಾಡಿಸಿಕೊಡುವ ಏಜೆಂಟರು ಕೂಡ ಫೀಸಿನ ಪಟ್ಟಿಯಲ್ಲಿ ಈ ಸಾಲು ಸೇರಿಸಲಿ.

ಬಂಟ್ವಾಳದ ಆ ಉಮ್ಮ ಮೊನ್ನೆ ಮುಂದಿನ ಸೆಮಿಸ್ಟರಿನ ಹಣ ಕಳಿಸಿ ಬಂದರು. ಕೌಂಟರಿನಲ್ಲಿ OUR ಅಂತ ಹೇಳಿದ್ದಕ್ಕೆ ಸುಮಾರು 2,000 ರೂಪಾಯಿ ಹೆಚ್ಚು ಕಟ್ಟಬೇಕಾಯಿತಂತೆ. ಕಳೆದ ಸಲ ದಾರಿಯಲ್ಲಿ ಹೋದದ್ದು ಸುಮಾರು 3,000 ರೂಪಾಯಿ. ನಾಲ್ಕು ದಿನದ ನಂತರ ಮಗನ ಮೆಸೇಜ್ ಬಂತು. ಕಾಲೇಜಿಗೆ ಮುಟ್ಟಿದ್ದು 3,000 ಡಾಲರ್. ಈ ಸಲ ಜುಬೈಲ್‌ನಿಂದ ಫೋನ್ ಬಂದಾಗ ಹಣದ ಮಾತೇ ಬರಲಿಲ್ಲ.