‘ಅನಿವಾರ್ಯ ಕಾರಣಗಳಿಂದ’ ಅನ್ನೋದನ್ನ ಮೈಕಿನಲ್ಲಿ ನಿಲ್ಲಿಸೋಣ

1/5

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕಲ್ಲಿ ಯಾವ ಕಾಲೇಜು ಫಂಕ್ಷನ್‌ಗೆ ಹೋದ್ರೂ ಒಂದಲ್ಲ ಒಂದು ಸಲ ಈ ಮಾತು ಕಿವಿಗೆ ಬಿದ್ದೇ ಬಿದ್ದಿರುತ್ತೆ: "ಅನಿವಾರ್ಯ ಕಾರಣಗಳಿಂದ ಮುಖ್ಯ ಭಾಷಣಕಾರರು ಬರಲಾಗಿಲ್ಲ." ಅದಾದ ಮೇಲೆ ಬದಲಿಗೆ ಬಂದವರ ಹೆಸರು, ಒಂದು ಚಪ್ಪಾಳೆ, ಮುಗೀತು. ಕೂತವರಲ್ಲಿ ಅರ್ಧ ಜನ ಅಷ್ಟೊತ್ತಿಗೆ ಫೋನ್ ತೆಗೆದಿರ್ತಾರೆ.

ನಿರೂಪಣೆ ಮಾಡೋ ನಾನೂ ಈ ತಪ್ಪು ಮಾಡಿದ್ದೀನಿ, ಇದಕ್ಕಿಂತ ದೊಡ್ಡದನ್ನೇ ಮಾಡಿದ್ದೀನಿ. ಎರಡು ವರ್ಷದ ಹಿಂದೆ ಒಂದು ಹಳ್ಳಿ ಶಿಬಿರದಲ್ಲಿ ಸಂಜೆ ಕಾರ್ಯಕ್ರಮ ಇತ್ತು. ಮುಖ್ಯ ಭಾಷಣಕಾರರು ಬರಲ್ಲ ಅಂತ ನಮಗೆ ಐದು ಗಂಟೆಗೇ ಗೊತ್ತಾಗಿತ್ತು. ಜನ ಎದ್ದು ಹೋಗ್ತಾರೆ ಅನ್ನೋ ಭಯಕ್ಕೆ ನಾನು ಮೈಕಲ್ಲಿ "ದಾರೀಲಿದ್ದಾರೆ, ಇನ್ನೇನು ಬಂದ್ಬಿಡ್ತಾರೆ" ಅಂತ ಮೂರು ಸಲ ಹೇಳ್ದೆ. ಸುಮಾರು ಐವತ್ತು ನಿಮಿಷ ಡ್ಯಾನ್ಸು, ಭಾವಗೀತೆ ಹಾಕಿ ಎಳೆದ್ವಿ. ಡೇರಿಗೆ ಹಾಲು ಹಾಕೋ ಹೊತ್ತಾಯ್ತು, ಹೆಂಗಸರೆಲ್ಲ ಎದ್ದರು. ಕೊನೆಗೆ ಅದೇ ಊರಿನ ನಿವೃತ್ತ ಮೇಷ್ಟ್ರನ್ನ ಕರೆದು "ಇವರು ಎರಡು ಮಾತಾಡ್ತಾರೆ" ಅಂದ್ವಿ. ಅವರು ಖಾಲಿ ಕುರ್ಚಿಗಳ ಮುಂದೆ ನಿಂತು ನಿಜವಾಗ್ಲೂ ಎರಡೇ ಮಾತಾಡಿ ಕೂತ್ಕೊಂಡರು.

ಬರದೇ ಇದ್ದವರಿಗೆ ಏನೂ ಆಗ್ಲಿಲ್ಲ. ಅವಮಾನ ಆಗಿದ್ದು ಬಂದವರಿಗೆ. ಅದಕ್ಕೆ ಕಾರಣ ಮೈಕ್ ಹಿಡಿದಿದ್ದ ನಾನು.

2/5

ಮುಂದಿನ ವರ್ಷ ಹುಣಸೂರು ಕಾಡಂಚಿನ ಒಂದು ಹಳ್ಳೀಲಿ ನಮ್ಮ ಎನ್‌ಎಸ್‌ಎಸ್ ಶಿಬಿರ. ಏಳು ದಿನದ ಶಿಬಿರದಲ್ಲಿ ನಾಲ್ಕನೇ ಸಂಜೆ "ಮಾನವ–ವನ್ಯಜೀವಿ ಸಂಘರ್ಷ: ಕಾನೂನು ಮತ್ತು ಪರಿಹಾರ" ಅಂತ ಒಬ್ಬ ಅರಣ್ಯ ಅಧಿಕಾರಿಯ ಭಾಷಣ. ಸಾಯಂಕಾಲ ಆರೂವರೆಗೆ ಶುರು. ನಾಗರಹೊಳೆ ಪಕ್ಕದ ಊರು ಅಂದ್ಮೇಲೆ ಗೊತ್ತಲ್ಲ, ಜನ ಕುತೂಹಲಕ್ಕೆ ಬರೋದಲ್ಲ. ಜೋಳ ತುಳಿಸಿಕೊಂಡವರು, ಹಸು ಕಳ್ಕೊಂಡವರು ಅರ್ಜಿ ಹಿಡ್ಕೊಂಡು ಬರ್ತಾರೆ.

ನಾಲ್ಕು ನಲವತ್ತಕ್ಕೆ ಅಧಿಕಾರಿ ಫೋನ್ ಮಾಡಿದ್ರು. ಪಕ್ಕದ ಊರಿನ ಹತ್ರ ಆನೆ ಹಗಲಲ್ಲೇ ಹೊಲದಲ್ಲಿ ನಿಂತುಬಿಟ್ಟಿದೆ, ಕತ್ತಲಾಗೋ ಮುಂಚೆ ಕಾಡಿಗೆ ಅಟ್ಟಬೇಕು, ನಾನು ಜಾಗ ಬಿಡೋ ಹಾಗಿಲ್ಲ ಅಂದ್ರು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕಾಡಲ್ಲಿ ಕೆಲಸ ಮಾಡಿರೋ ಒಬ್ಬ ವಾಚರ್ ಅವತ್ತು ರಜೆ ಮೇಲಿದ್ರು, ಅವರನ್ನ ಕಳಿಸ್ತೀನಿ ಅಂದ್ರು.

ಈ ಸಲ ಅಧಿಕಾರಿ ಫೋನ್ ಇಡೋ ಮುಂಚೆ ನಾನು ಮೂರು ವಿಷಯ ಕೇಳ್ಕೊಂಡೆ.

ಮೊದಲನೇದು, "ಸಾರ್, ನೀವು ಬರದೇ ಇರೋ ಕಾರಣಾನ ಜನಕ್ಕೆ ಹೇಳಬಹುದಾ?" ಇದನ್ನ ಕೇಳಲೇಬೇಕು. ಯಾರಿಗೋ ಆರೋಗ್ಯ ಕೆಟ್ಟಿರುತ್ತೆ, ಯಾರ ಮನೇಲೋ ಸಾವಾಗಿರುತ್ತೆ. ಅದನ್ನ ಅವರನ್ನ ಕೇಳದೆ ಮೈಕಲ್ಲಿ ಹಾಕೋ ಹಕ್ಕು ನಮಗಿಲ್ಲ. ಬೇಡ ಅಂದ್ರೆ "ಅವರ ವೈಯಕ್ತಿಕ ಕಾರಣ" ಅಂತ ಒಂದೇ ಸಲ ಹೇಳಿದ್ರೆ ಸಾಕು. ಇವರು "ಧಾರಾಳವಾಗಿ ಹೇಳಪ್ಪ" ಅಂದ್ರು.

ಎರಡನೇದು, "ಬರೋರು ಏನು ಹೇಳಬಲ್ಲರು, ಏನು ಹೇಳೋಕಾಗಲ್ಲ?" ಉತ್ತರ ಸ್ಪಷ್ಟವಾಗಿತ್ತು. ಆನೆ, ಹುಲಿ, ಕಂದಕ, ಬೇಲಿ ಬಗ್ಗೆ ಎಲ್ಲ ಹೇಳ್ತಾರೆ. ಪರಿಹಾರದ ದುಡ್ಡಿನ ಬಗ್ಗೆ ಅವರು ಮಾತು ಕೊಡೋ ಹಾಗಿಲ್ಲ.

ಮೂರನೇದು, "ಹಾಗಾದ್ರೆ ಅರ್ಜಿ ತಂದವರಿಗೆ ಏನು ಹೇಳ್ಲಿ?" ಸ್ವಲ್ಪ ಯೋಚಿಸಿ, "ಕಲೆಕ್ಟ್ ಮಾಡಿಡಿ, ಶಿಬಿರ ಮುಗಿಯೋದ್ರೊಳಗೆ ನಾನೇ ಬಂದು ಇಸ್ಕೊಳ್ತೀನಿ" ಅಂದ್ರು.

ಆ ಮೂರನೇ ಉತ್ತರ ಸಿಗದೇ ಇದ್ದಿದ್ರೆ ಕಾರ್ಯಕ್ರಮ ಮುಂದೂಡೋದೇ ವಾಸಿ ಇತ್ತು ಅಂತ ನನ್ನ ಅಭಿಪ್ರಾಯ. ಜನ ಬಂದಿರೋದು ಒಬ್ಬರಿಂದ ಮಾತ್ರ ಆಗೋ ಕೆಲಸಕ್ಕೆ ಅಂತಿದ್ರೆ (ಸಹಿ, ತಪಾಸಣೆ, ಮಂಜೂರಾತಿ) ಬದಲಿಗೆ ಎಂಥ ಒಳ್ಳೆ ಮಾತುಗಾರರನ್ನ ನಿಲ್ಲಿಸಿದ್ರೂ ಅದು ಮೋಸಾನೇ.

3/5

ವಾಚರ್ ಅಣ್ಣ ಆರು ಗಂಟೆಗೆ ಬಂದರು. ಸ್ಟೇಜ್ ಅಂದ್ರೇನೇ ಭಯ ಅವರಿಗೆ. "ನಂಗೆ ಭಾಷಣ ಬರಲ್ಲ ಕಣಪ್ಪಾ, ಸಾಹೇಬ್ರು ಹೇಳವ್ರೆ ಅಂತ ಬಂದೆ" ಅಂದ್ರು. ಟೀ ಕೊಟ್ಟು ಹತ್ತು ನಿಮಿಷ ಮಾತಾಡ್ಸಿದೆ. ಓದಿದ್ದೆಷ್ಟು, ಪ್ರಶಸ್ತಿ ಏನು ಬಂದಿದೆ ಅಂತೆಲ್ಲ ಕೇಳ್ಲಿಲ್ಲ. "ಇವತ್ತಿನ ವಿಷಯದಲ್ಲಿ ನೀವು ಕಣ್ಣಾರೆ ಕಂಡಿದ್ದು ಒಂದು ಹೇಳಿ" ಅಂದೆ.

ಆನೆ ಕಂದಕ ದಾಟೋದನ್ನ ಹೇಳಿದ್ರು. ಕಂದಕದ ಅಂಚಿನ ಮಣ್ಣನ್ನ ಕಾಲಲ್ಲಿ ಒದ್ದು ಒದ್ದು ಒಳಕ್ಕೆ ಬೀಳಿಸಿ, ಇಳಿಜಾರು ಮಾಡ್ಕೊಂಡು ಆಚೆ ಬರುತ್ತಂತೆ. ಸೋಲಾರ್ ಬೇಲಿಯ ತಂತಿಗೆ ಸೊಂಡಿಲು ತಾಗಿಸಲ್ಲ, ದಂತದಲ್ಲಿ ಎಳೆದು ಕೀಳುತ್ತಂತೆ, ಯಾಕಂದ್ರೆ ದಂತಕ್ಕೆ ಕರೆಂಟ್ ಹೊಡೆಯಲ್ಲ. ಹಳೇ ರೈಲು ಕಂಬಿ ಬೇಲಿ ಹಾಕೋ ಹೊತ್ತಿಗೂ ಇವರು ಅಲ್ಲೇ ಇದ್ದವರು. ನಂಗೆ ಪರಿಚಯ ಭಾಷಣ ಅಲ್ಲೇ ಸಿಕ್ತು.

ಇನ್ನೊಂದು ಕೇಳ್ದೆ: "ನಾನು ಯಾವುದನ್ನ ಹೇಳಬಾರದು?" ಒಂದು ಸಲ ಆನೆ ಅಟ್ಟಿಸಿಕೊಂಡು ಬಂದು ಕಾಲಿಗೆ ಪೆಟ್ಟಾಗಿದ್ದನ್ನ ಹೇಳ್ಬೇಡ, ಮನೆಯವಳು ಮುಂದೆ ಕೂತವ್ಳೆ, ಅಳ್ತಾಳೆ ಅಂದ್ರು. ಕೇಳದೇ ಇದ್ದಿದ್ರೆ ಬೇರೆಯವರು ಹೇಳಿದ್ದ ಅದೇ ಕಥೇನ ನಾನು ಮೊದಲು ಎತ್ತಿರ್ತಿದ್ದೆ.

ವಿಷಯದ ಹೆಸರನ್ನೂ ಬದಲಾಯಿಸಿದ್ವಿ. "ಕಾನೂನು ಮತ್ತು ಪರಿಹಾರ" ಅಂತಲೇ ಇಟ್ಟು ಬೇರೆಯವರಿಂದ ಮಾತಾಡ್ಸಿದ್ರೆ ಪ್ರತಿ ನಿಮಿಷಾನೂ ಅವರು ಸೋತಂಗೆ ಕಾಣುತ್ತೆ. ಬೋರ್ಡ್ ಮೇಲೆ ಚಾಕ್‌ಪೀಸಲ್ಲಿ ಬರೆದ್ವಿ: "ರಾತ್ರಿ ಆನೆ ಬಂದಾಗ."

4/5

ಆರೂವರೆಗೆ, ಪ್ರಾರ್ಥನೆಗಿಂತ ಮುಂಚೆ, ನಾನು ಹೇಳಿದ್ದು ಹೆಚ್ಚೂಕಮ್ಮಿ ಇಷ್ಟು:

"ಎಲ್ರಿಗೂ ನಮಸ್ಕಾರ. ಮೊದಲು ಒಂದು ಬದಲಾವಣೆ ಹೇಳ್ಬಿಡ್ತೀನಿ. ಹಿಂದೆ ಫ್ಲೆಕ್ಸಲ್ಲಿ ಫೋಟೋ ಇರೋ ಅಧಿಕಾರಿಗಳು ಇವತ್ತು ಬರಲ್ಲ. ಪಕ್ಕದ ಊರಲ್ಲಿ ಆನೆ ಹೊಲಕ್ಕೆ ಇಳಿದಿದೆ, ಅವರು ಅಲ್ಲಿದ್ದಾರೆ. ಪರಿಹಾರದ ಅರ್ಜಿ ತಂದವರಿಗೆ ಇವತ್ತು ಇಲ್ಲಿ ಉತ್ತರ ಸಿಗಲ್ಲ. ನಿಮ್ಮ ಅರ್ಜಿಗಳನ್ನ ನಮ್ಮ ಹುಡುಗ್ರು ಪುಸ್ತಕದಲ್ಲಿ ಬರ್ಕೊಂಡು ಇಸ್ಕೊಳ್ತಾರೆ, ಶಿಬಿರ ಮುಗಿಯೋದ್ರೊಳಗೆ ಬಂದು ತಗೊಳ್ತೀನಿ ಅಂತ ಅಧಿಕಾರಿಗಳು ಹೇಳಿದ್ದಾರೆ. ಹೊರಡೋರು ಅರ್ಜಿ ಕೊಟ್ಟು ಹೊರಡಬಹುದು, ನಮಗೆ ಬೇಜಾರಿಲ್ಲ. ಇರೋರಿಗೆ ಒಂದು ಪ್ರಶ್ನೆ: ಅಷ್ಟು ಆಳದ ಕಂದಕ ತೋಡಿದ್ರೂ ಆನೆ ನಿಮ್ಮ ಹೊಲಕ್ಕೆ ಹೆಂಗೆ ಬರುತ್ತೆ? ಅದು ದಾಟೋದನ್ನ ಕತ್ತಲಲ್ಲಿ ನಿಂತು ನೋಡಿರೋ ಒಬ್ಬರು ಇಲ್ಲಿದ್ದಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ನಿಮ್ಮೂರಿನ ಪಕ್ಕದ ಕಾಡು ಕಾದವರು. ಅವರು ಭಾಷಣ ಮಾಡಲ್ಲ, ಕಂಡಿದ್ದನ್ನ ಹೇಳ್ತಾರೆ. ನಡುವೆ ನೀವು ಕೇಳಬಹುದು."

ಒಂದು ನಿಮಿಷದ ಮಾತು. ಇದರಲ್ಲಿ ನಾನು ಬೇಕಂತಲೇ ಬಿಟ್ಟಿದ್ದು ಎರಡು. ಒಂದು, ಕ್ಷಮಾಪಣೆಯ ಉದ್ದ. ನಾವು ನಾಲ್ಕು ಸಲ "ದಯವಿಟ್ಟು ಕ್ಷಮಿಸಿ" ಅಂದ್ರೆ, ಮುಂದೆ ಬರೋದು ಕಳಪೆ ಅಂತ ನಾವೇ ಹೇಳಿದಂಗಾಗುತ್ತೆ. ಇನ್ನೊಂದು, ಬರದೇ ಇದ್ದವರ ಗುಣಗಾನ. ಅಧಿಕಾರಿಯ ಒಂದು ಪುಟ ಪರಿಚಯ ನನ್ನ ಜೇಬಲ್ಲೇ ಇತ್ತು. ಅದನ್ನ ಓದಿ ಆಮೇಲೆ "ಆದರೆ ಇವತ್ತು ಇವರು" ಅಂದಿದ್ರೆ ಅಣ್ಣ ಅಲ್ಲೇ ಚಿಕ್ಕವರಾಗ್ತಿದ್ರು.

ಹೇಳೋ ಕ್ರಮಾನೂ ಮುಖ್ಯ ಅನ್ನಿಸುತ್ತೆ. ಕೆಟ್ಟ ಸುದ್ದಿ ಮೊದಲು, ಅದರಿಂದ ಕೂತವರಿಗೆ ಏನು ನಷ್ಟ ಅನ್ನೋದು ಆಮೇಲೆ, ಕೊನೇಗೆ ಹೊಸಬರು. ಉಲ್ಟಾ ಮಾಡಿ ಹೊಗಳಿಕೆಯಿಂದ ಶುರು ಮಾಡಿದ್ರೆ ಜನ ಅದನ್ನ ಕೇಳಲ್ಲ, "ಅವರೆಲ್ಲಿ?" ಅಂತ ಹುಡುಕ್ತಿರ್ತಾರೆ.

ಏಳೆಂಟು ಜನ ಅರ್ಜಿ ಕೊಟ್ಟು ಹೋದರು. ಒಬ್ಬ ಅಜ್ಜ "ಇವತ್ತೂ ಇಲ್ವಾ" ಅಂತ ಬೈದುಕೊಂಡೇ ಹೋದರು. ಅವರ ಸಿಟ್ಟು ನ್ಯಾಯವಾದದ್ದೇ, ನಾನು ತಡೀಲಿಲ್ಲ. ಉಳಿದವರು ಕೂತ್ಕೊಂಡರು. ಅಣ್ಣ ಮೊದಲ ಐದು ನಿಮಿಷ ತಡವರಿಸಿದ್ರು. ನಾನು ಪಕ್ಕದಲ್ಲೇ ನಿಂತು "ಅಣ್ಣಾ, ಕಂದಕದ್ದು ಹೇಳಿ" ಅಂದೆ. ಆಮೇಲೆ ನನ್ನ ಅಗತ್ಯಾನೇ ಬೀಳ್ಲಿಲ್ಲ. ಎಂಟು ಗಂಟೆ ತನಕ ಊರವರೂ ಅವರೂ ಮಾತಾಡಿದ್ರು.

5/5

ಎಲ್ಲ ಚೆನ್ನಾಗಾಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ವಂದನಾರ್ಪಣೆ ಮಾಡ್ಬೇಕಿದ್ದ ನಮ್ಮ ಗೆಳತಿಗೆ ಚೀಟಿ ಬದಲಾಯಿಸಿ ಕೊಡೋದು ಮರೆತಿದ್ದೆ. ಅವಳು ಬರೆದಿಟ್ಟಿದ್ದನ್ನೇ ಓದಿದ್ಲು: "ತಮ್ಮ ಅಮೂಲ್ಯ ಸಮಯ ನೀಡಿ ಕಾನೂನಿನ ಅರಿವು ಮೂಡಿಸಿದ ಮಾನ್ಯ ಅಧಿಕಾರಿಗಳಿಗೆ..." ಜನ ಗೊಳ್ಳಂತ ನಕ್ಕರು. ಅಣ್ಣಾನೂ ನಕ್ಕರು, ಆದ್ರೆ ನನಗೆ ಮುಖ ಎತ್ತೋಕಾಗ್ಲಿಲ್ಲ. ಸ್ವಾಗತ, ಪರಿಚಯ, ವಂದನೆ, ಆಮೇಲೆ ಪತ್ರಿಕೆಗೆ ಕಳಿಸೋ ವರದಿ. ಹೆಸರು ನಾಲ್ಕು ಕಡೆ ಇರುತ್ತೆ, ನಾಲ್ಕೂ ಕಡೆ ತಿದ್ದಬೇಕು. ನೆನಪಿನ ಕಾಣಿಕೆ ಮೇಲೆ ಅಧಿಕಾರಿಯ ಹೆಸರಿತ್ತು. ಅದನ್ನ ಒಳಗಿಟ್ಟು, ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ವಿ. ಇನ್ನೊಬ್ಬರ ಹೆಸರಿರೋ ಕಾಣಿಕೆ ಕೊಡೋದಕ್ಕಿಂತ ಕೊಡದೇ ಇರೋದು ಮರ್ಯಾದೆ.

ಈ ಥರ ಪೇಚಾಟ ನಮ್ಮ ತಾಲ್ಲೂಕಿಗೆ ಮಾತ್ರ ಬಂದಿದ್ದೇನಲ್ಲ. 1943ರ ನವೆಂಬರ್ 14ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ದೊಡ್ಡ ಸಂಗೀತ ನಿರ್ದೇಶಕ ಬ್ರೂನೋ ವಾಲ್ಟರ್ ವಾದ್ಯವೃಂದ ನಡೆಸಬೇಕಿತ್ತು. ಅವರಿಗೆ ಹುಷಾರು ತಪ್ಪಿತು. ಬದಲಿಗೆ ನಿಂತಿದ್ದು 25 ವರ್ಷದ ಸಹಾಯಕ ಲಿಯೊನಾರ್ಡ್ ಬರ್ನ್‌ಸ್ಟೈನ್, ಅದೂ ರಿಹರ್ಸಲ್ ಇಲ್ಲದೆ. ಸಂಗೀತ ಶುರುವಾಗೋ ಮುಂಚೆಯೇ ಸಭಿಕರಿಗೆ ವಾಲ್ಟರ್ ಬರಲ್ಲ ಅಂತ ನೇರವಾಗಿ ಹೇಳಿ, ಬದಲಿಗೆ ಬರೋ ಹುಡುಗ ಯಾರು ಅಂತಲೂ ಹೇಳಿದ್ರು. ಮಾರನೇ ದಿನ ಆ ಹುಡುಗನ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿತ್ತು. ಬದಲಿಗೆ ಬಂದವರೆಲ್ಲ ಬರ್ನ್‌ಸ್ಟೈನ್ ಆಗಲ್ಲ, ಗೊತ್ತು. ಆದ್ರೆ ಅವತ್ತು ಯಾರಾದ್ರೂ ಮೈಕಲ್ಲಿ "ದಾರೀಲಿದ್ದಾರೆ" ಅಂತ ಮುಕ್ಕಾಲು ಗಂಟೆ ಎಳೆದಿದ್ರೆ, ಆ ಹುಡುಗ ಹತ್ತಿದ್ದು ಸಿಟ್ಟಾದ ಸಭೆಯ ಮುಂದೆ.

ಅಧಿಕಾರಿ ಆರನೇ ದಿನ ಬೆಳಗ್ಗೆ ಬಂದು ಅರ್ಜಿಗಳನ್ನ ತಗೊಂಡು ಹೋದರು. ಅವತ್ತು ಭಾಷಣ ಇರಲಿಲ್ಲ, ಮೈಕೂ ಇರಲಿಲ್ಲ. ಬೈದುಕೊಂಡು ಹೋಗಿದ್ದ ಅಜ್ಜಾನೂ ಬಂದಿದ್ರು.

ನಾನು ಇನ್ನೂ ಆ ನಿವೃತ್ತ ಮೇಷ್ಟ್ರ ಊರಿಗೆ ಹೋಗಿ ಕ್ಷಮೆ ಕೇಳಿಲ್ಲ. ಈ ಭಾನುವಾರ ಹೋಗ್ತಿದ್ದೀನಿ.

ನಿಮ್ಮ ಕಾಲೇಜಲ್ಲಿ ಬದಲಿಗೆ ಬಂದವರು ನೆನಪಲ್ಲಿ ಉಳಿದಿದ್ದಾರಾ? ಅವರನ್ನ ಹೆಂಗೆ ಪರಿಚಯ ಮಾಡಿಸಿದ್ರು, ಕೆಳಗೆ ಬರೀರಿ.

#ನಿರೂಪಣೆ #ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಎನ್‌ಎಸ್‌ಎಸ್‌ಶಿಬಿರ