ಐವತ್ತು ಪಿಕ್ಸೆಲ್ ಎತ್ತರದಲ್ಲಿ ಒತ್ತಕ್ಷರ

ಹಬ್ಬದ ಮಾರಾಟದ ದಿನಗಳಲ್ಲಿ ಮೊಬೈಲಿನಲ್ಲಿ ಸುದ್ದಿ ಓದುವವರಿಗೆ ಈ ದೃಶ್ಯ ಹೊಸದಲ್ಲ. ಎರಡು ಪ್ಯಾರಾಗಳ ನಡುವೆ ಒಂದು ಜಾಹೀರಾತು, ಅದರೊಳಗೆ ಕುಗ್ಗಿ ಕೂತ ಒಂದು ಪೋಸ್ಟರು, ಆ ಪೋಸ್ಟರಿನಲ್ಲಿ ಇರುವೆ ಸಾಲಿನಂಥ ಕನ್ನಡ. ಅಂಗಡಿಯವರು ದುಡ್ಡು ಕೊಟ್ಟಿದ್ದಾರೆ, ಜಾಹೀರಾತು ಕಣ್ಣಿಗೂ ಬಿದ್ದಿದೆ. ಅದು ಏನು ಹೇಳುತ್ತಿದೆ ಎಂಬುದು ಮಾತ್ರ ಯಾರಿಗೂ ತಿಳಿಯದು. ಹೇಳಬೇಕಾದ ಮಾತನ್ನು ಪಠ್ಯದ ಜಾಗದಲ್ಲಿ ಬರೆಯದೆ ಚಿತ್ರದೊಳಗೇ ಅಚ್ಚು ಹಾಕಿಬಿಡುವುದರಿಂದ ಹೀಗಾಗುತ್ತದೆ.

ಗೂಗಲ್‌ನ ರೆಸ್ಪಾನ್ಸಿವ್ ಡಿಸ್‌ಪ್ಲೇ ಜಾಹೀರಾತಿಗೆ ನಾವು ಕೊಡುವುದು ಸಿದ್ಧ ಪೋಸ್ಟರನ್ನಲ್ಲ, ಬಿಡಿಭಾಗಗಳನ್ನು. ಅಡ್ಡ ಚಿತ್ರ, ಚೌಕ ಚಿತ್ರ, ಲೋಗೊ, ಐದರವರೆಗೆ ಚಿಕ್ಕ ಶೀರ್ಷಿಕೆ, ಒಂದು ಉದ್ದ ಶೀರ್ಷಿಕೆ, ಐದರವರೆಗೆ ವಿವರಣೆ. ಪುಟದಲ್ಲಿ ಎಷ್ಟು ಜಾಗ ಖಾಲಿಯಿದೆಯೋ ಅದಕ್ಕೆ ತಕ್ಕಂತೆ ಇವುಗಳಲ್ಲಿ ಕೆಲವನ್ನು ಆರಿಸಿ ಜೋಡಿಸುವುದು ಗೂಗಲ್‌ನ ಕೆಲಸ. ಪಠ್ಯವಾಗಿ ಕೊಟ್ಟ ಮಾತು ಆ ಜಾಗಕ್ಕೆ ಹೊಂದುವ ಗಾತ್ರದಲ್ಲಿ ಹೊಸದಾಗಿ ಮೂಡುತ್ತದೆ. ಚಿತ್ರದೊಳಗೆ ಸೇರಿಸಿದ ಮಾತು ಚಿತ್ರದ ಜೊತೆಗೇ ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿ ಇದೆ ಎನ್ನಿ. ಅಡ್ಡ ಚಿತ್ರಕ್ಕೆ ಗೂಗಲ್ ಹೇಳುವ ಅಳತೆ 1200×628. ಅದರ ಮೇಲೆ ಡಿಸೈನರ್ 48 ಪಿಕ್ಸೆಲ್ ಎತ್ತರದಲ್ಲಿ ‘ಕೈಮಗ್ಗದ ಸೀರೆ’ ಎಂದು ಬರೆಯುತ್ತಾರೆ. ಕಂಪ್ಯೂಟರಿನ ಪರದೆಯಲ್ಲಿ ಅದು ದೊಡ್ಡದಾಗಿ, ಚೆಂದವಾಗಿ ಕಾಣುತ್ತದೆ. ಆದರೆ 300×250ರ ಜಾಗದಲ್ಲಿ ಆ ಚಿತ್ರ 300 ಪಿಕ್ಸೆಲ್ ಅಗಲಕ್ಕೆ, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಷರದ ಎತ್ತರ 12 ಪಿಕ್ಸೆಲ್. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅಷ್ಟು ಹೇಗೋ ಸಾಲುತ್ತದೆ. ಕನ್ನಡದಲ್ಲಿ ಆ 12ರಲ್ಲೇ ತಲೆಕಟ್ಟು, ಮೂಲಾಕ್ಷರ, ಕೆಳಗಿನ ಒತ್ತು ಮೂರೂ ಹಿಡಿಯಬೇಕು. ‘ಗ್ಗ’ದ ಒತ್ತಿಗೆ ಮೂರೋ ನಾಲ್ಕೋ ಪಿಕ್ಸೆಲ್ ಉಳಿದರೆ ಹೆಚ್ಚು. ಮೊಬೈಲಿನ ಅಡಿಯಲ್ಲಿ ಬರುವ 320×50ರ ಪಟ್ಟಿಯಲ್ಲಿ ಚಿತ್ರಕ್ಕೆ ಸಿಕ್ಕರೆ ಸಿಗುವುದು 50×50ರ ಒಂದು ಚೌಕ. 1200×1200ರ ಚೌಕ ಚಿತ್ರದ 48 ಪಿಕ್ಸೆಲ್ ಅಕ್ಷರ ಅಲ್ಲಿ 2 ಪಿಕ್ಸೆಲ್ಲಿನ ಕಲೆಯಾಗುತ್ತದೆ.

ಚಿತ್ರದ ಮೇಲಿನ ಅಕ್ಷರ ಶೇ 20ಕ್ಕಿಂತ ಹೆಚ್ಚು ಜಾಗ ಹಿಡಿಯದಿರಲಿ ಎಂಬುದು ಗೂಗಲ್‌ನ ಸಲಹೆ. ಕನ್ನಡದ ಮಟ್ಟಿಗೆ ಈ ಅಳತೆಯೊಂದನ್ನೇ ನಂಬಿ ಕೂರುವಂತಿಲ್ಲ. ಶೇ 10 ಜಾಗದಲ್ಲಿ ನಾಲ್ಕು ಸಾಲು ತುರುಕಿದರೂ ನಿಯಮ ಪಾಲಿಸಿದಂತೆಯೇ ಆಗುತ್ತದೆ, ಓದಲು ಮಾತ್ರ ಬರುವುದಿಲ್ಲ. ನೋಡಬೇಕಾದದ್ದು ಕುಗ್ಗಿದ ಮೇಲೆ ಉಳಿಯುವ ಅಕ್ಷರದ ಎತ್ತರವನ್ನು.

ಇನ್ನೊಂದು ಅಪಾಯ ಅಂಚಿನಲ್ಲಿದೆ. ಕೆಲವು ಜಾಗಗಳಿಗೆ ಹೊಂದಿಸಲು ಚಿತ್ರದ ಎಡಬಲಗಳನ್ನು ತಲಾ ಶೇ 5ರವರೆಗೆ ಕತ್ತರಿಸುವುದುಂಟು. 1200 ಅಗಲದಲ್ಲಿ ಅದು ಒಂದೊಂದು ಬದಿಗೆ 60 ಪಿಕ್ಸೆಲ್. ಫ್ಲೆಕ್ಸ್ ಬ್ಯಾನರಿನ ರೂಢಿಯಂತೆ ಫೋನ್ ನಂಬರನ್ನು ಬಲ ಮೂಲೆಗೆ ಒತ್ತಿ ಹಾಕಿದ್ದರೆ ಕೊನೆಯ ಅಂಕಿ ಹಾರಿಹೋಗುತ್ತದೆ. ಒಂಬತ್ತು ಅಂಕಿಯ ನಂಬರಿಗೆ ಯಾರು ಫೋನ್ ಮಾಡಿಯಾರು?

ಇಷ್ಟೆಲ್ಲ ಗೊತ್ತಿದ್ದೂ ಮಾತು ಚಿತ್ರದೊಳಗೇ ಹೋಗುವುದಕ್ಕೆ ನಮ್ಮಲ್ಲೇ ಒಂದು ಕಾರಣವಿದೆ, ಅದನ್ನು ಮುಚ್ಚಿಡಬಾರದು. ನಮ್ಮ ಅನೇಕ ಡಿಟಿಪಿ ಅಂಗಡಿಗಳಲ್ಲಿ ಕನ್ನಡವನ್ನು ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಾರೆ. ಆ ಸಾಲನ್ನು ಜಾಹೀರಾತಿನ ಶೀರ್ಷಿಕೆಯ ಜಾಗಕ್ಕೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಆಗ ‘ಇರಲಿ ಬಿಡಿ, ಇಮೇಜಿನಲ್ಲೇ ಹಾಕೋಣ’ ಎಂಬ ಮಾತು ಬರುತ್ತದೆ. ನುಡಿ ತಂತ್ರಾಂಶದ ಜೊತೆಗೇ ಯೂನಿಕೋಡ್ ಪರಿವರ್ತಕವೂ ಸಿಗುತ್ತದೆ; ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಇಡೀ ಜಾಹೀರಾತನ್ನು ಓದಲಾಗದಂತೆ ಮಾಡುವುದು ನಮ್ಮ ಭಾಷೆಗೂ ಅಂಗಡಿಯವರ ಹಣಕ್ಕೂ ಮಾಡುವ ಅನ್ಯಾಯ.

ಪಠ್ಯದ ಜಾಗದಲ್ಲಿ ಬರೆಯಹೊರಟರೆ ಅಲ್ಲೂ ಒಂದು ಇಕ್ಕಟ್ಟಿದೆ. ಚಿಕ್ಕ ಶೀರ್ಷಿಕೆಗೆ 30 ಅಕ್ಷರ ಎಂದಿರುತ್ತದೆ, ಆದರೆ ಅಲ್ಲಿ ಎಣಿಸುವುದು ನಾವು ಬಾಯಲ್ಲಿ ಎಣಿಸುವ ಅಕ್ಷರವನ್ನಲ್ಲ. ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಎಲ್ಲವೂ ಒಂದೊಂದು ಲೆಕ್ಕ. ‘ರಾಷ್ಟ್ರೀಯ’ ನಮಗೆ ಮೂರಕ್ಷರ, ಅಲ್ಲಿ ಒಂಬತ್ತು. ‘ಕೈಮಗ್ಗದ ಇಳಕಲ್ ಸೀರೆಗಳ ಮೇಲೆ ವಿಶೇಷ ರಿಯಾಯಿತಿ’ ಎಂಬುದು 40 ಆಗುತ್ತದೆ, ಚಿಕ್ಕ ಶೀರ್ಷಿಕೆಗೆ ಹಿಡಿಸದು. 90ರವರೆಗೆ ಅವಕಾಶವಿರುವ ಉದ್ದ ಶೀರ್ಷಿಕೆಯಲ್ಲಿ ಅದನ್ನು ಇಡಬಹುದು. ‘ಇಳಕಲ್ ಸೀರೆ, ನೇಕಾರರಿಂದ ನೇರ’ 25ರಲ್ಲಿ ಮುಗಿಯುತ್ತದೆ. ಒತ್ತಕ್ಷರ ಕಡಿಮೆಯಿರುವ ಮಾತನ್ನು ಆರಿಸಿದರೆ ಲೆಕ್ಕಕ್ಕೂ ಒಳ್ಳೆಯದು, ಕಣ್ಣಿಗೂ ಒಳ್ಳೆಯದು.

ಜೋಡಣೆಯ ವಿಷಯದಲ್ಲಿ ಆಗುವ ತಪ್ಪು ಬೇರೆ ಬಗೆಯದು. ಮೊದಲ ಶೀರ್ಷಿಕೆಯಲ್ಲಿ ‘ಇಳಕಲ್ ಸೀರೆ’, ಎರಡನೆಯದರಲ್ಲಿ ‘ಈ ವಾರ ಮಾತ್ರ’, ವಿವರಣೆಯಲ್ಲಿ ಬೆಲೆ ಎಂದು ಒಂದೇ ವಾಕ್ಯವನ್ನು ತುಂಡು ಮಾಡಿ ಹಂಚುವವರಿದ್ದಾರೆ. ಆ ಕ್ರಮ ಉಳಿಯುವುದಿಲ್ಲ. ವಿವರಣೆಗೆ ಜಾಗವೇ ಇಲ್ಲದ ಕಡೆ ‘ಈ ವಾರ ಮಾತ್ರ’ ಒಂದೇ ಕಾಣಬಹುದು. ಏನು ಈ ವಾರ ಮಾತ್ರ? ಹಾಗಾಗಿ ಐದೂ ಶೀರ್ಷಿಕೆಗಳಲ್ಲಿ ಸೀರೆಯ ಹೆಸರಾದರೂ ಇರಬೇಕು, ಐದೂ ತಾವೇ ತಾವಾಗಿ ಅರ್ಥ ಕೊಡಬೇಕು. ಚಿತ್ರದ ಮೇಲೂ ‘ಶೇ 30 ರಿಯಾಯಿತಿ’ ಎಂದು ಅಚ್ಚಾಗಿದ್ದರೆ ಒಂದು ಜೋಡಣೆಯಲ್ಲಿ ಅದೇ ಮಾತು ಎರಡು ಸಲ ಬರುತ್ತದೆ. ರಿಯಾಯಿತಿ ಮುಗಿದು ಶೀರ್ಷಿಕೆ ಬದಲಿಸಿದ ಮೇಲೂ ಚಿತ್ರ ಹಳೆಯ ಮಾತನ್ನೇ ಆಡುತ್ತಿರುತ್ತದೆ.

ಹಾಗಾದರೆ ಚಿತ್ರದಲ್ಲಿ ಏನಿರಬೇಕು? ಸೀರೆ. ಇಳಕಲ್‌ನ ಗುರುತು ಅದರ ಸೆರಗು: ಕೆಂಪು ರೇಷ್ಮೆ, ಬಿಳಿಯ ತೆನೆ. ಅಡ್ಡ ಚಿತ್ರದಲ್ಲಿ ಹರಡಿದ ಸೀರೆ ಬರಲಿ. ಚೌಕಕ್ಕೆ ಅದನ್ನೇ ಕತ್ತರಿಸದೆ, ತೆನೆಯ ಸಾಲು ತುಂಬಿಕೊಳ್ಳುವಂತೆ ಹತ್ತಿರದಿಂದ ಬೇರೆ ಫೋಟೊ ತೆಗೆಯಲಿ. 50 ಪಿಕ್ಸೆಲ್ಲಿಗೆ ಇಳಿದರೂ ಕೆಂಪಿನ ಮೇಲಿನ ಬಿಳಿ ಹಲ್ಲುಗಳನ್ನು ಕಂಡರೆ ಬಲ್ಲವರಿಗೆ ಇಳಕಲ್ ಎಂದು ತಿಳಿಯುತ್ತದೆ. ಅಂಗಡಿಯ ಹೆಸರನ್ನೂ ಚಿತ್ರದ ಮೇಲೆ ಹಾಕಬೇಕಿಲ್ಲ, ಅದಕ್ಕೆ ಲೋಗೊ ಮತ್ತು ಹೆಸರಿನ ಜಾಗ ಪ್ರತ್ಯೇಕವಾಗಿಯೇ ಇವೆ.

ಬೆಲೆಯೋ ದಿನಾಂಕವೋ ಚಿತ್ರದ ಮೇಲೆ ಬರಲೇಬೇಕು ಎನ್ನುವವರು ನಿಗದಿತ ಅಳತೆಯ ಜಾಹೀರಾತುಗಳನ್ನು ತಾವೇ ಮಾಡಿಸಿ ಏರಿಸಬಹುದು. 300×250, 320×50, 728×90 ಎಂದು ಒಂದೊಂದನ್ನೂ ಅದರದೇ ಅಳತೆಯಲ್ಲಿ ಬರೆಯಿಸಬೇಕು, ಒಂದೊಂದೂ 150 ಕೆಬಿ ಮೀರಬಾರದು. ಶ್ರಮ ಹೆಚ್ಚು, ಆ ಅಳತೆಗಳಿಲ್ಲದ ಕಡೆ ಜಾಹೀರಾತು ಬರುವುದೂ ಇಲ್ಲ. ಆದರೆ ಬಂದ ಕಡೆ ಓದಲು ಬರುತ್ತದೆ.

ಯಾವುದೇ ದಾರಿ ಹಿಡಿದರೂ ಪ್ರಕಟಿಸುವ ಮುನ್ನ ಚಿತ್ರವನ್ನು ಒಮ್ಮೆ 300 ಪಿಕ್ಸೆಲ್ ಅಗಲಕ್ಕೆ, ಇನ್ನೊಮ್ಮೆ 50ಕ್ಕೆ ಇಳಿಸಿ, ಹಿಗ್ಗಿಸದೆ ತೆರೆದಿಡಿ. ಡಿಸೈನರನ್ನು ಕೇಳಬೇಡಿ, ಅವರಿಗೆ ಮಾತು ಬಾಯಿಪಾಠವಾಗಿರುತ್ತದೆ. ಚಾಳೀಸು ಹಾಕುವ ಯಾರನ್ನಾದರೂ ಕರೆದು, ಇದರಲ್ಲಿ ಏನು ಬರೆದಿದೆ ಓದಿ ಎನ್ನಿ.